ಭಾವಮೈದನ ಕುರ್ಚಿಗಳು

ಎದುರುಮನೆ ಹುಡುಗನ ಕಂಪನಿ ಗೊತ್ತಲ್ಲ, 14 ಜನ ಕೆಲಸ ಮಾಡ್ತಾರಲ್ಲ, ಅದೇ. ನಡತೆಯ ನಿಯಮ ಬರೆದಿದ್ದೀನಿ, ಒಂದ್ಸಲ ಕಣ್ಣಾಡಿಸಿ ಅಂಕಲ್ ಅಂತ ಕರಡು ಹಿಡ್ಕೊಂಡು ಬಂದಿದ್ದ. ಯಾವುದೋ ಅಮೆರಿಕದ ದೊಡ್ಡ ಕಂಪನಿಯದನ್ನು ಇಳಿಸಿಕೊಂಡು ಹೆಸರು ಮಾತ್ರ ಬದಲಾಯಿಸಿದ್ದು ಅಂತ ಮೊದಲ ಪುಟದಲ್ಲೇ ಗೊತ್ತಾಗೋಯ್ತು. ಸಂಶಯ ಬಂದರೆ ನಿಮ್ಮ ವಲಯದ ಕಂಪ್ಲಯನ್ಸ್ ಆಫೀಸರನ್ನು ಕೇಳಿ ಅಂತಿದೆ. ಯಾರಪ್ಪಾ ಅವರು ಅಂದರೆ ತಲೆ ಕೆರ್ಕೊಂಡ. ಉಡುಗೊರೆ 50 ಡಾಲರ್ ದಾಟಬಾರದಂತೆ. ದೀಪಾವಳಿಗೆ ಬರೋ ದ್ರಾಕ್ಷಿ ಗೋಡಂಬಿ ಡಬ್ಬಿಗೆ ಡಾಲರ್ ಲೆಕ್ಕ ಯಾರು ಹಾಕ್ತಾ ಕೂರ್ತಾರೆ? ತಿನ್ನೋದು ಬಂದರೆ ಎಲ್ಲರ ಮಧ್ಯೆ ಇಡಿ, ಬೆಳ್ಳಿ ದೀಪ ಬಂದರೆ ವಾಪಸ್ ಕಳಿಸಿ ಅಂತ ಬರಿ ಅಂದೆ.

'ಪರಸ್ಪರ ಗೌರವದಿಂದ ವರ್ತಿಸತಕ್ಕದ್ದು' ಅಂತ ಒಂದು ಸಾಲು ಇತ್ತು. ಬೇಡ ಅನ್ನೋರು ಯಾರು? ಆದರೆ ಊಟದ ಹೊತ್ತಲ್ಲಿ ಹೊಸ ಹುಡುಗನ ಹತ್ತಿರ ಕೂತು, 'ನಿಮ್ಮ ಮನೆದೇವರು ಯಾವುದು? ನಾನ್‌ವೆಜ್ ತಿಂತೀರಾ? ಊರಲ್ಲಿ ಯಾವ ಪೈಕಿ?' ಅಂತ ಸುತ್ತಿ ಬಳಸಿ ಜಾತಿ ಕೇಳೋದಿದೆಯಲ್ಲ, ಕೇಳೋನಿಗೆ ಅದು ಅಗೌರವ ಅಂತ ಅನ್ನಿಸೋದೇ ಇಲ್ಲ. ಅದನ್ನೇ ಹೆಸರು ಹಿಡಿದು ಬರೀಬೇಕು. ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ಮುಂದೆ ಒಬ್ಬರನ್ನು ಬೈಯೋದನ್ನೂ ಸೇರಿಸು ಅಂದೆ. ಲೈಂಗಿಕ ಕಿರುಕುಳದ ಮಾತು ಹಾಗಲ್ಲ, ಅದು ನಮ್ಮಿಷ್ಟಕ್ಕೆ ಬಿಟ್ಟದ್ದೇ ಅಲ್ಲ. 2013ರ ಕಾನೂನಿನ ಪ್ರಕಾರ 10 ಜನ ಇದ್ದರೆ ಒಳಗೇ ಒಂದು ಸಮಿತಿ ಆಗಬೇಕು, ಹಿರಿಯ ಮಹಿಳೆ ಅಧ್ಯಕ್ಷೆ, ಹೊರಗಿನವರೊಬ್ಬರು ಸದಸ್ಯರು. ದೂರು ಮಾಲೀಕನ ಮೇಲೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಇದನ್ನೂ ಬರಿ ಅಂದಾಗ ಹುಡುಗನ ಮುಖ ಸ್ವಲ್ಪ ಸಣ್ಣದಾಯ್ತು. ಮಾಲೀಕ ಅವನೇ ಅಲ್ವಾ?

ನಿಜವಾದ ತಮಾಷೆ ಇರೋದು ಹಿತಾಸಕ್ತಿಯ ಭಾಗದಲ್ಲಿ. 'ನೌಕರರ ಬಂಧುಗಳೊಂದಿಗೆ ಯಾವುದೇ ವ್ಯವಹಾರ ನಿಷಿದ್ಧ' ಅಂತ ಬರೆದು ಕೂತಿದ್ದಾನೆ. ನೀನು ಕೂತಿರೋ ಕುರ್ಚಿ ಯಾರದಪ್ಪಾ ಅಂದೆ. ಪಾಲುದಾರನ ಭಾವಮೈದನ ಅಂಗಡಿಯದಂತೆ! ಬೆಲೆ ಕಮ್ಮಿ, ಕೈಗೆ ದುಡ್ಡು ಬಂದಾಗ ಕೊಟ್ಟರಾಯ್ತು. ಸಣ್ಣ ಕಂಪನಿ ನೆಂಟರಿಷ್ಟರಿಲ್ಲದೆ ನಡೆಯುತ್ತಾ ಹೇಳಿ. ನೆಂಟಸ್ತನ ತಪ್ಪಲ್ಲ, ಅದನ್ನು ಬಚ್ಚಿಟ್ಟುಕೊಂಡು ತೀರ್ಮಾನಕ್ಕೆ ಕೂರೋದು ತಪ್ಪು.

ನಮ್ಮಪ್ಪ ಊರಿನ ಸಹಕಾರ ಸಂಘದ ಕಮಿಟಿಯಲ್ಲಿದ್ದರು. ಅಲ್ಲೊಬ್ಬರು ಹಿರಿಯರು, ಅವರ ಮಗನ ಸಾಲದ ಅರ್ಜಿ ಬಂತು ಅಂದರೆ ಎದ್ದು ಜಗಲಿಗೆ ಹೋಗಿ ಎಲೆ ಅಡಿಕೆ ಹಾಕ್ಕೊಂಡು ಕೂರೋರು. ಒಳಗಿನವರು ಮುಗೀತು ಅಂತ ಕರೆಯೋವರೆಗೆ ಬರ್ತಿರಲಿಲ್ಲ. ಒಮ್ಮೆ ಸಾಲ ಇಲ್ಲ ಅಂತ ಆದಾಗಲೂ ಯಾಕೆ ಅಂತ ಕೇಳಲಿಲ್ಲವಂತೆ. ಹೋದದ್ದು, ಬಂದದ್ದು ಎರಡೂ ನಡಾವಳಿ ಪುಸ್ತಕದಲ್ಲಿ ಇರ್ತಿತ್ತು.

ಕುರ್ಚಿಗೂ ಅದನ್ನೇ ಮಾಡು ಅಂದೆ. ಆರ್ಡರ್ ಕೊಡೋಕೆ ಮೊದಲೇ ಪಾಲುದಾರ 'ಇವನು ನನ್ನ ಹೆಂಡತಿಯ ತಮ್ಮ' ಅಂತ ಒಂದು ಇಮೇಲ್ ಹಾಕಲಿ. ಬೇರೆ ಎರಡು ಅಂಗಡಿಯ ಕೊಟೇಶನ್ ಬರಲಿ. ಆರಿಸೋದು, ಬಿಲ್ ಪಾಸ್ ಮಾಡೋದು ಎರಡನ್ನೂ ಇನ್ನೊಬ್ಬರು ಮಾಡಲಿ. ಬಿಲ್ ಮರೆತರೆ ಕೆಟ್ಟಿತು, ಎಡವಟ್ಟಾಗೋದು ಸಾಮಾನ್ಯವಾಗಿ ಅಲ್ಲೇ. ಕುರ್ಚಿಯ ಕಾಲು ಮುರಿದಾಗ ಭಾವಮೈದನಿಗೆ ದುಡ್ಡು ಹಿಡ್ಕೊಳ್ತೀನಿ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ನಿರ್ದೇಶಕರು ತಮ್ಮ ಆಸಕ್ತಿಗಳನ್ನು ವರ್ಷದ ಮೊದಲ ಬೋರ್ಡ್ ಸಭೆಯಲ್ಲಿ ಎಂಬಿಪಿ-1 ಫಾರಂನಲ್ಲಿ ಹೇಳಲೇಬೇಕು ಅಂತ ಕಂಪನಿ ಕಾನೂನೇ ಇದೆ. ಪಾಲುದಾರನೂ ನಿರ್ದೇಶಕನೇ ತಾನೆ? ಕೆಳಗಿನವರಿಗೆ ಫಾರಂ ಬೇಡ, ಒಂದು ರಿಜಿಸ್ಟರ್ ಸಾಕು.

ಗುಟ್ಟಿನ ವಿಷಯಕ್ಕೆ ಬಂದರೆ 'ಕಂಪನಿಯ ಎಲ್ಲ ಮಾಹಿತಿಯೂ ಗೋಪ್ಯ' ಅಂತಿದೆ. ಕಾಫಿಪುಡಿ ಬ್ರಾಂಡೂ ಗೋಪ್ಯವೇ? ಎಲ್ಲವೂ ಗುಟ್ಟು ಅಂದರೆ ಯಾವುದನ್ನೂ ಯಾರೂ ಕಾಯೋದಿಲ್ಲ. ಗಿರಾಕಿಗಳ ಪಟ್ಟಿ, ಅವರಿಗೆ ಕೊಟ್ಟ ದರ, ಪಾಸ್‌ವರ್ಡ್, ಕೋಡ್ ಅಂತ ಬಿಡಿಸಿ ಹೇಳು, ಮೆಟ್ರೋದಲ್ಲಿ ಫೋನಿನಲ್ಲಿ ಕಿರುಚಬೇಡಿ ಅಂತಲೂ ಹೇಳು ಅಂದೆ. ಅದರ ಕೆಳಗೇ ಇನ್ನೊಂದು: ಕೆಲಸ ಬಿಟ್ಟವರು ಎರಡು ವರ್ಷ ಇದೇ ಬಗೆಯ ಕಂಪನಿಗೆ ಸೇರಕೂಡದಂತೆ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಆ ಸಾಲು ನಿಲ್ಲೋದಿಲ್ಲ, ಕೆಲಸ ಬಿಟ್ಟವನ ಹೊಟ್ಟೆಪಾಡಿಗೆ ಅಡ್ಡ ಹಾಕೋಕೆ ಆಗಲ್ಲ, ಹೊಡೆದು ಹಾಕು ಅಂದೆ. ಗಿರಾಕಿಗಳ ಪಟ್ಟಿ ಒಯ್ಯಬೇಡ ಅನ್ನಬಹುದು, ಅದು ಬೇರೆ. ಹುಡುಗನಿಗೆ ಸಮಾಧಾನ ಆಗಲಿಲ್ಲ. ಹೋದ ತಿಂಗಳು ಒಬ್ಬ ಪ್ರತಿಸ್ಪರ್ಧಿ ಕಂಪನಿಗೆ ಹೋದನಂತೆ. ಸರಿ, ಹೋಗುವಾಗ ಏನೇನು ವಾಪಸ್ ತಗೊಂಡೆ ಅಂತ ಕೇಳಿದೆ. ಲ್ಯಾಪ್‌ಟಾಪ್, ಐಡಿ ಕಾರ್ಡ್, ಬಾಗಿಲ ಕೀಲಿ ಎಲ್ಲ ಪಕ್ಕಾ. ಗಿರಾಕಿಗಳ ವಾಟ್ಸಾಪ್ ಗ್ರೂಪಿಗೆ ಮಾತ್ರ ಇವತ್ತಿಗೂ ಅವನೇ ಅಡ್ಮಿನ್ ಅಂತೆ!