ಗುಡಿ ರಸ್ತೆಯ ಮಳಿಗೆ, ಕಿರಾಯಿ ಯಾವತ್ತಿನಿಂದ?

ಪಕ್ಕದ ಮನೆಯ ಅಕ್ಕಾರು ಶರಣಬಸವೇಶ್ವರ ದೇವಸ್ಥಾನದ ರಸ್ತೆಯಲ್ಲಿ ಒಂದು ಮಳಿಗೆ ನೋಡಿ ಬಂದಿದ್ದರು. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತವರಾದ ಕಮಲಾಪುರದಿಂದ ತರಿಸುವ ಕೆಂಪು ಬಾಳೆಹಣ್ಣು, ಇಷ್ಟು ಮಾರುವ ಅಂಗಡಿ ಹಾಕಬೇಕೆಂದು ಅವರ ಮನಸ್ಸಿನಲ್ಲಿ ಬಹಳ ದಿನದಿಂದ ಇತ್ತು. ಕಂಪೌಂಡ್ ಗೋಡೆಯ ಆಚೆ ನಿಂತು ನನ್ನ ಕರೆದರು.

"ಅಣ್ಣಾರ, ಹನ್ನೆರಡು ಬೈ ಇಪ್ಪತ್ತರ ಮಳಿಗಿ. ತಿಂಗಳಿಗೆ 15,000 ಕಿರಾಯಿ, ಒಂದೂವರಿ ಲಕ್ಷ ಡಿಪಾಜಿಟ್. ಮಾಲಕ ಕಾಕಾ, ಬರೋ ಒಂದನೇ ತಾರೀಖಿನಿಂದ ಕಿರಾಯಿ ಚಾಲೂ ಅಂತಾರ. ಹೋಳಿ ಆದಮ್ಯಾಗ ಜಾತ್ರಿ, ಲಗೂನ ಸಹಿ ಮಾಡ್ರಿ ಅಂತ ಗಡಿಬಿಡಿ ಹಚ್ಯಾರ."

"ಅಂಗಡಿ ಬಾಗಲಾ ಯಾವಾಗ ತೆಗಿತೀರಿ?"

"ಒಂದೂವರಿ ತಿಂಗಳರ ಬೇಕ್ರಿ."

ಹಾಗಿದ್ದರೆ ಆ ಒಂದೂವರೆ ತಿಂಗಳು ಒಂದು ರೊಟ್ಟಿಯೂ ಮಾರದೆ 22,500 ರೂಪಾಯಿ ಕಿರಾಯಿ ಹೋಗುತ್ತದೆ. ಬೆಂಗಳೂರಿನ ಮಾಲುಗಳಲ್ಲಿ ದೊಡ್ಡ ಕಂಪನಿಗಳು ಮಳಿಗೆ ಹಿಡಿಯುವಾಗ ಒಳಗಿನ ಕೆಲಸ ಮುಗಿಯುವ ತನಕ ಕಿರಾಯಿ ಇಲ್ಲ ಎಂದು ಮೊದಲೇ ಬರೆಸಿಕೊಳ್ಳುತ್ತವೆ. ಅದು ದೊಡ್ಡವರಿಗೆ ಮಾತ್ರ ಸಿಗುವ ಸವಲತ್ತು ಎಂದು ನಮ್ಮ ಊರಿನ ಸಣ್ಣ ವ್ಯಾಪಾರಸ್ಥರು ಬಾಯಿ ಬಿಟ್ಟು ಕೇಳುವುದೇ ಇಲ್ಲ. ಕೇಳಬೇಕು. ಕೇಳುವಾಗ ಲೆಕ್ಕ ಕೈಯಲ್ಲಿರಬೇಕು.

ಅಕ್ಕಾರಿಗೆ ಒಂದೂವರೆ ತಿಂಗಳು ಏಕೆ ಬೇಕು ಎನ್ನುವುದನ್ನು ಮೊದಲು ಬಿಡಿಸಿ ನೋಡಿದೆವು. ಮಹಾನಗರ ಪಾಲಿಕೆಯ ವ್ಯಾಪಾರ ಪರವಾನಗಿಗೂ ತಿಂಡಿ ಮಾರಲು ಬೇಕಾದ ಆಹಾರ ಸುರಕ್ಷತಾ ನೋಂದಣಿಗೂ ಜಾಗದ ಕಾಗದ ಬೇಕು, ಅಂದರೆ ಕರಾರಿಗೆ ಸಹಿ ಬೀಳುವ ತನಕ ಅರ್ಜಿಯನ್ನೇ ಹಾಕಲಾಗದು. ಇನ್ನು ಕರೆಂಟು. ಹಿಂದಿನವರು ಮೊಬೈಲ್ ಅಂಗಡಿ ಇಟ್ಟಿದ್ದರು, ಎರಡು ಟ್ಯೂಬು, ಒಂದು ಫ್ಯಾನು. ಇವರಿಗೆ ಫ್ರೀಜರು ಬೇಕು, ಹಿಟ್ಟು ನಾದುವ ಯಂತ್ರ ಬೇಕು. ಮಂಜೂರಾದ ಲೋಡು ಸಾಲದಿದ್ದರೆ ಜೆಸ್ಕಾಂಗೆ ಹೆಚ್ಚುವರಿ ಲೋಡಿನ ಅರ್ಜಿ ಹೋಗಬೇಕು. ಮೀಟರು ಕಾಕಾ ಅವರ ಹೆಸರಿನಲ್ಲಿದೆ, ಆದ್ದರಿಂದ ಅವರ ಸಹಿ ಇಲ್ಲದೆ ಅರ್ಜಿ ಮುಂದೆ ಸರಿಯದು. ಲೋಡು ಗೊತ್ತಾಗದೆ ವೈರಿಂಗ್ ಮುಗಿಯದು, ವೈರಿಂಗ್ ಮುಗಿಯದೆ ಗೌಂಡಿ ಗೋಡೆ ಮುಚ್ಚುವಂತಿಲ್ಲ, ಗೋಡೆ ಒಣಗದೆ ಬಡಿಗ್ಯಾ ಕಪಾಟು ನಿಲ್ಲಿಸುವಂತಿಲ್ಲ. ಒಂದರ ಹಿಂದೊಂದು ನಿಂತ ಕೆಲಸಗಳಿವು, ಎಷ್ಟು ಆಳು ಹಚ್ಚಿದರೂ ಅರ್ಧ ಅವಧಿಯಲ್ಲಿ ಆಗುವಂಥವಲ್ಲ.

"ಕಾಕಾ ಒಪ್ಪಲಿಲ್ಲ ಅಂದ್ರ?"

"ಅವರ ಲೆಕ್ಕಾನೂ ನೀವ ಮಾಡಿ ತೋರಸ್ರಿ ಅಕ್ಕಾರ."

ಮೂರು ವರ್ಷದ ಕರಾರೆಂದರೆ, ವರ್ಷದ ಏರಿಕೆ ಹಿಡಿಯದೆಯೇ, ಈ ಮಳಿಗೆಯಿಂದ ಕಾಕಾ ಅವರಿಗೆ ಬರುವ ಕಿರಾಯಿ 5,40,000. ಅದರಲ್ಲಿ 22,500 ಬಿಡುವುದೆಂದರೆ ನೂರಕ್ಕೆ ನಾಲ್ಕು ರೂಪಾಯಿಗಿಂತ ಸ್ವಲ್ಪ ಹೆಚ್ಚು. ಇವರನ್ನು ಬಿಟ್ಟು ಬೇರೆಯವರಿಗಾಗಿ ಎರಡು ತಿಂಗಳು ಶಟರ್ ಇಳಿಸಿ ಕೂತರೆ ಹೋಗುವುದು 30,000. ಪೂರ್ತಿ ಬಿಡುವುದು ಅವರ ಮನಸ್ಸಿಗೆ ಬಾರದಿದ್ದರೆ ಮೊದಲ ಮೂರು ತಿಂಗಳು ಅರ್ಧ ಕಿರಾಯಿ ಎಂದು ಕೇಳಬಹುದು. ಏಳೂವರೆ ಸಾವಿರದಂತೆ ಮೂರು ತಿಂಗಳು ಎಂದರೆ ಅದೇ 22,500. ಮೊದಲ ತಿಂಗಳಿಂದಲೇ ಕೈಗೆ ಒಂದಿಷ್ಟು ಬರುತ್ತದೆ ಎಂದು ಎಷ್ಟೋ ಮಾಲಕರು ಇದಕ್ಕೆ ಬೇಗ ಒಪ್ಪುತ್ತಾರೆ. ಕಾಕಾ ಅವರಿಗೂ ಒಂದು ನ್ಯಾಯವಾದ ಭಯವಿದೆ: ಪುಕ್ಕಟೆ ದಿನಗಳನ್ನು ತಿಂದು ಆರೇ ತಿಂಗಳಿಗೆ ಖಾಲಿ ಮಾಡಿದರೆ? ಅದಕ್ಕೆ ವರ್ಷ ತುಂಬುವ ಮೊದಲೇ ತಾವಾಗಿ ಬಿಟ್ಟರೆ ಬಿಟ್ಟುಕೊಟ್ಟ ಕಿರಾಯಿಯನ್ನು ಡಿಪಾಜಿಟ್ಟಿನಲ್ಲಿ ಮುರಿದುಕೊಳ್ಳಬಹುದು ಎಂದು ಅಕ್ಕಾರೇ ಮುಂದಾಗಿ ಬರೆದುಕೊಡಲಿ ಎಂದೆ. ಕೊಡುವವರಿಗೆ ಧೈರ್ಯ ಬಂದರೆ ಕೇಳುವವರ ಮಾತು ನಡೆಯುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. "45 ದಿನ ಕಿರಾಯಿ ಇಲ್ಲ" ಎಂದಷ್ಟೇ ಬರೆದರೆ ಆ ದಿನ ಎಣಿಸುವುದು ಸಹಿಯಿಂದಲೋ ಕೀಲಿಯಿಂದಲೋ? ಸಹಿ ಇವತ್ತು ಬಿದ್ದು, ಹಿಂದಿನವರ ಶೋಕೇಸು ಇನ್ನೂ ಒಳಗೇ ಇದ್ದು, ಕೀಲಿ ಇಪ್ಪತ್ತು ದಿನ ತಡವಾದರೆ ಸುಮಾರು ಅರ್ಧದಷ್ಟು ಅವಧಿ ಕೆಲಸವಿಲ್ಲದೆ ಕರಗಿತು. ಅದಕ್ಕೆ ಕರಾರಿನಲ್ಲಿ ಮೂರು ತಾರೀಖು ಬೇರೆ ಬೇರೆ ಇರಬೇಕು: ಸಹಿಯ ತಾರೀಖು, ಮಳಿಗೆ ಪೂರ್ತಿ ಖಾಲಿಯಾಗಿ ಹಳೆಯ ಕರೆಂಟ್ ಬಿಲ್ಲು ಚುಕ್ತಾ ಆಗಿ ಕೀಲಿ ಕೈಗೆ ಬಂದ ತಾರೀಖು, ಅಲ್ಲಿಂದ 45 ದಿನ ಎಣಿಸಿ ಕಿರಾಯಿ ಶುರುವಾಗುವ ತಾರೀಖು. ವರ್ಷಕ್ಕೊಮ್ಮೆ ಕಿರಾಯಿ ಏರುವುದನ್ನೂ ಈ ಕೊನೆಯ ತಾರೀಖಿನಿಂದಲೇ ಎಣಿಸಬೇಕು.

ಇಷ್ಟು ಮಾತಾಗುವಾಗ ಅಕ್ಕಾರು ಫೋನಿನಲ್ಲಿ ಮಳಿಗೆಯ ಫೋಟೋ ತೋರಿಸಿದರು. ನನ್ನ ಕಣ್ಣು ಮಾಳಿಗೆಯ ಮೇಲೆ ನಿಂತಿತು. ಗರ್ಡರಿನ ಮೇಲೆ ಶಹಾಬಾದಿ ಫರಸಿ ಹಾಸಿದ ಹಳೆಯ ಕಟ್ಟಡ. ಎಲ್ಲ ಕಡೆ ಮಾಸಿದ ಸುಣ್ಣ, ಒಂದು ಮೂಲೆಗೆ ಮಾತ್ರ ಹೊಸ ಬಣ್ಣ.

"ಅಲ್ಲಿ ಸೋರತದ ನೋಡ್ರಿ."

"ಕಾಕಾ ಒಂದ್ ಹನಿ ಸೋರಂಗಿಲ್ಲ ಅಂದಾರಲ್ರಿ."

ಹೋಳಿಯ ಹೊತ್ತಿಗೆ ಕಲಬುರಗಿಯಲ್ಲಿ ಯಾವ ಮಾಳಿಗೆಯೂ ಸೋರುವುದಿಲ್ಲ. ಕಲ್ಲಿನ ಮಾಳಿಗೆಯಲ್ಲಿ ನೀರು ಇಳಿಯುವುದು ಫರಸಿ ಫರಸಿಯ ನಡುವಿನ ಸಂದಿಯಲ್ಲಿ. ಬಿಸಿಲಿಗೆ ಕಲ್ಲು ಹಿಗ್ಗಿ, ರಾತ್ರಿಗೆ ಕುಗ್ಗಿ, ಸಂದಿಯ ಗಾರೆ ಸೀಳುತ್ತದೆ. ಮಳೆಗಾಲದ ತನಕ ಕಾಯದೆ ಇದನ್ನು ಪತ್ತೆ ಹಚ್ಚಬಹುದು. ಒಳಗೆ ಕಂದು ಉಂಗುರದಂಥ ಕಲೆ, ಗೋಡೆಯ ಮೇಲ್ಭಾಗದಲ್ಲಿ ಬಿಳಿ ಚೌಳು, ಗರ್ಡರಿನ ಅಡಿಗೆ ಪದರು ಪದರಾಗಿ ಏಳುವ ತುಕ್ಕು, ಇವು ನೀರು ಓಡಾಡಿದ ಗುರುತು. ಮಾಲಕರ ಎದುರಿಗೇ ಮೇಲೆ ಹತ್ತಿ ಸಂದಿಗುಂಟ ಕೊಡಗಟ್ಟಲೆ ನೀರು ಸುರಿಸಿ, ಕೆಳಗೆ ಒಬ್ಬರನ್ನು ನಿಲ್ಲಿಸಿ ನೋಡಬೇಕು. ಹಳೆಯ ಕಲ್ಲಿನ ಮಾಳಿಗೆಯ ಮೇಲೆ ಒಡ್ಡು ಕಟ್ಟಿ ನೀರು ನಿಲ್ಲಿಸುವುದು ಬೇಡ, ಭಾರ ತಡೆಯದಿದ್ದರೆ ಅನಾಹುತ.

ಸೋರಿದರೆ ರಿಪೇರಿ ಯಾರದು? "ಕಾನೂನಿನಾಗ ಮಾಲಕಂದ ಇರಬೇಕಲ್ರಿ" ಎಂದರು ಅಕ್ಕಾರು. ನಾನು ಬಹಳ ವರ್ಷ ಕರಾರು ಪತ್ರ ಬರೆಯುವ ಕೆಲಸದಲ್ಲಿದ್ದವನು, ಈ ನಂಬಿಕೆಯಿಂದ ನಷ್ಟವಾದವರನ್ನು ಕಂಡಿದ್ದೇನೆ. 1999ರ ಕರ್ನಾಟಕ ಬಾಡಿಗೆ ಅಧಿನಿಯಮ 14 ಚದರ ಮೀಟರ್ ಮೀರಿದ ವ್ಯಾಪಾರದ ಮಳಿಗೆಗೆ ಅನ್ವಯಿಸುವುದಿಲ್ಲ. ಅಂದರೆ ಸುಮಾರು 150 ಚದರ ಅಡಿ, ಅಕ್ಕಾರ ಮಳಿಗೆ 240 ಅಡಿ. ಹಾಗಾಗಿ ಇವರಿಬ್ಬರ ನಡುವೆ ಇರುವುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಮತ್ತು ಅವರೇ ಬರೆದುಕೊಂಡ ಕರಾರು. ಆ ಅಧಿನಿಯಮದ 108ನೇ ಕಲಮು, ಮಾಲಕ ತಾನು ಮಾಡಲೇಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟ ಮೇಲೂ ಸಕಾಲಕ್ಕೆ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಬಡ್ಡಿ ಸಹಿತ ಕಿರಾಯಿಯಲ್ಲಿ ಮುರಿದುಕೊಳ್ಳಬಹುದು ಎನ್ನುತ್ತದೆ. ಆದರೆ ಮಾಡಲೇಬೇಕಾದ ರಿಪೇರಿ ಯಾವುದು ಎನ್ನುವ ಪಟ್ಟಿಯನ್ನು ಅದು ಕೊಡುವುದಿಲ್ಲ. ಅದನ್ನು ಕರಾರು ಹೇಳಬೇಕು. ಕರಾರು ಸುಮ್ಮನಿದ್ದರೆ ಮುರಿದುಕೊಳ್ಳುವ ಹಕ್ಕಿಗೆ ಹಿಡಿಕೆಯೇ ಇಲ್ಲ. ಅದೇ ಕಲಮು ಬಾಡಿಗೆದಾರನಿಗೂ ಒಂದು ಹೊಣೆ ಹೊರಿಸಿದೆ: ಸಹಜ ಸವೆತವನ್ನು ಬಿಟ್ಟು, ಪಡೆದಾಗ ಹೇಗಿತ್ತೋ ಹಾಗೇ ಮಳಿಗೆ ಮರಳಿಸಬೇಕು. ಪಡೆದಾಗ ಹೇಗಿತ್ತೆಂದು ತೋರಿಸುವ ಫೋಟೋ ಇಲ್ಲದಿದ್ದರೆ ಹಳೆಯ ಬಿರುಕೂ ಇವರ ತಲೆಗೇ ಬರುತ್ತದೆ. ಅದಕ್ಕೇ ಕೀಲಿ ಕೊಡುವ ದಿನ ಮಾಳಿಗೆ, ಗೋಡೆ, ಶಟರು, ಮೀಟರು ಎಲ್ಲದರ ಫೋಟೋ ತೆಗೆದು, ಪ್ರತಿಗಳ ಮೇಲೆ ಇಬ್ಬರೂ ಸಹಿ ಹಾಕಿ ಕರಾರಿಗೆ ಲಗತ್ತಿಸಬೇಕು.

ರಿಪೇರಿಯ ಹಂಚಿಕೆಯನ್ನು ಕಂಪೌಂಡ್ ಗೋಡೆಯ ಮೇಲೆ ಹಾಳೆ ಇಟ್ಟುಕೊಂಡೇ ಬರೆದೆವು. ಮಾಳಿಗೆ, ಗರ್ಡರು, ಹೊರಗೋಡೆ, ಮೀಟರಿನ ತನಕದ ಲೈನು, ಹೊರಗಿನ ಚೇಂಬರಿನಿಂದಾಚೆಯ ಗಟಾರು ಕಾಕಾ ಅವರವು. ಮೀಟರಿನಿಂದ ಒಳಗಿನ ವೈರಿಂಗ್, ನಲ್ಲಿ, ಬಣ್ಣ, ಚೇಂಬರಿನ ತನಕದ ಪೈಪು ಅಕ್ಕಾರವು. ಶಟರಿನಲ್ಲಿ ಸ್ಪ್ರಿಂಗು, ಬೇರಿಂಗು ಅಕ್ಕಾರವು, ಗೋಡೆಯಿಂದ ಚೌಕಟ್ಟೇ ಸಡಿಲಾದರೆ ಕಾಕಾ ಅವರದು. ತಿಳಿಸಿದ ಹತ್ತು ದಿನದೊಳಗೆ ಮಾಳಿಗೆಯ ಕೆಲಸ ಶುರುವಾಗದಿದ್ದರೆ ಅಕ್ಕಾರು ಮಾಡಿಸಿ, ಪಾವತಿ ತೋರಿಸಿ, ಕಿರಾಯಿಯಲ್ಲಿ ಮುರಿಯಬಹುದು. ಸೋರಿಕೆಯಿಂದ ಅಂಗಡಿ ಮುಚ್ಚಬೇಕಾದ ದಿನಗಳಿಗೆ ಕಿರಾಯಿ ಇಲ್ಲ. ಬಿಟ್ಟು ಹೋಗುವಾಗ ಕಪಾಟು, ಫ್ರೀಜರು, ಎಕ್ಸಾಸ್ಟ್ ಫ್ಯಾನು ಬಿಚ್ಚಿಕೊಂಡು ಹೋಗಬಹುದು, ಹಾಸಿದ ಟೈಲ್ಸು ಅಲ್ಲೇ ಉಳಿಯುತ್ತದೆ.

"ಇದನ್ನ ಬಾಂಡ್ ಪೇಪರ್ ಮ್ಯಾಲ ಬರಿಸಿ ನೋಟರಿ ಮಾಡಿಸಿದ್ರ ಆತಲ್ರಿ?"

ನನಗೆ ನಿಜವಾಗಿ ಕಳವಳವಾಗುವುದು ಈ ಪ್ರಶ್ನೆ ಕೇಳಿದಾಗ. ನೋಟರಿ ಬೇರೆ, ನೋಂದಣಿ ಬೇರೆ. ಒಂದು ವರ್ಷ ಮೀರಿದ ಗುತ್ತಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಆಗದಿದ್ದರೆ ಅದರೊಳಗಿನ ಶರತ್ತುಗಳನ್ನು ಕೋರ್ಟು ಸಾಕ್ಷಿಯಾಗಿ ಓದುವುದಿಲ್ಲ. ಮೂರು ವರ್ಷ ಎಂದು ಬರೆದ ಕಾಗದ ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗಿನ ಬಾಡಿಗೆಯಾಗಿ ಉಳಿಯುತ್ತದೆ, ಅದನ್ನು ಹದಿನೈದು ದಿನದ ನೋಟಿಸಿನಲ್ಲಿ ಮುಗಿಸಬಹುದು. ಹನ್ನೊಂದು ತಿಂಗಳ ಕರಾರಿಗೆ ನೋಂದಣಿಯ ಖರ್ಚು ಉಳಿಯುವುದು ನಿಜ. ಆದರೆ ಮೂರು ಲಕ್ಷ ಹಾಕಿ ಒಳಗೆ ಕೆಲಸ ಮಾಡಿಸಿದವರಿಗೆ ಹನ್ನೆರಡನೇ ತಿಂಗಳು ಕಾಲ ಕೆಳಗೆ ನೆಲವೇ ಇರುವುದಿಲ್ಲ.

ಅಕ್ಕಾರು ಆ ಹಾಳೆ ಹಿಡಿದು ಹೋಗಿ ಕಾಕಾ ಅವರ ಮುಂದೆ ಕೂತು ಮಾತಾಡಿದರು. ಪೂರ್ತಿ 45 ದಿನಕ್ಕೆ ಅವರು ಒಪ್ಪಲಿಲ್ಲ. ಕೀಲಿ ಕೊಟ್ಟಂದಿನಿಂದ ಒಂದು ತಿಂಗಳು ಪೂರ್ತಿ ಮಾಫಿ, ಅದರ ಮುಂದಿನ ತಿಂಗಳು ಅರ್ಧ ಕಿರಾಯಿ ಎಂದರು. ಒಟ್ಟು ಮಾಫಿ ಅದೇ 22,500. ನೀರು ಸುರಿಸಿ ನೋಡಿದಾಗ ಹೊಸ ಬಣ್ಣದ ಮೂಲೆಯಲ್ಲೇ ಹನಿ ಬಿತ್ತು. ಸಂದಿಗಳನ್ನೆಲ್ಲ ಕೆತ್ತಿಸಿ ಹೊಸ ಗಾರೆ ತುಂಬಿಸಿಯೇ ಕೀಲಿ ಕೊಡುತ್ತೇನೆಂದು ಕಾಕಾ ತಾವೇ ಹೇಳಿದರು. ಶಟರು ಪೂರ್ತಿ ಅಕ್ಕಾರದೇ ಇರಲಿ ಎಂದು ಪಟ್ಟು ಹಿಡಿದರು, ಅಕ್ಕಾರು ಒಪ್ಪಿದರು. ಈ ಜಾತ್ರೆಯ ವ್ಯಾಪಾರ ಕೈತಪ್ಪುತ್ತದೆ, ಆದರೆ ಶ್ರಾವಣದ ಹೊತ್ತಿಗೆ ಅಂಗಡಿ ನಿಂತಿರುತ್ತದೆ. ಮುದ್ರಾಂಕ ಮತ್ತು ನೋಂದಣಿಯ ಖರ್ಚು ಇಬ್ಬರಿಗೂ ಅರ್ಧರ್ಧ ಎಂದು ಕರಾರಿನ ಕೊನೆಯ ಸಾಲಿನಲ್ಲಿ ಬರೆದಾಗಿದೆ.