ಹಳೇಬೀಡಿನಲ್ಲಿ ಹತ್ತಿದ ಅತ್ತೆ

ಅರಸೀಕೆರೆಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳುವ ಮೇಷ್ಟ್ರೊಬ್ಬರು ಬಿ.ಎ. ಮಕ್ಕಳಿಗೆ ಹತ್ತು ಅಂಕದ ಅಸೈನ್‌ಮೆಂಟ್ ಕೊಟ್ಟರು. ಎರಡು ಮನುಷ್ಯಪ್ರಾಣಿಗಳು ಎದುರುಬದುರಾದಾಗ ಒಬ್ಬರ ಕಣ್ಣಲ್ಲಿ ಇನ್ನೊಬ್ಬರು ಹೇಗೆ ಕಾಣಿಸಿಕೊಳ್ಳಲು ಹೆಣಗುತ್ತಾರೆ ಎಂಬುದನ್ನು ತರಗತಿಯಲ್ಲೋ ಕೆಲಸದ ಜಾಗದಲ್ಲೋ ಕಣ್ಣಾರೆ ಕಂಡು ಬರೆಯಬೇಕು. ಬಂದ ಬಹುಪಾಲು ಪುಟಗಳಲ್ಲಿ ಒಂದೇ ಪೀಠಿಕೆ, ಒಂದೇ ಉಪಸಂಹಾರ, ಒಂದೇ ಕಾಗುಣಿತದ ತಪ್ಪು. ಮೂವರು ಹುಡುಗರು ಮೂರು ಬೇರೆ ಊರಿನ ಮೂರು ಬೇರೆ ಅಂಗಡಿಗಳಿಗೆ ಹೋಗಿ ಒಬ್ಬನೇ ಸಿಡುಕು ಮೋರೆಯ ಯಜಮಾನನನ್ನು ಕಂಡುಬಂದಿದ್ದರು. ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ಕಚ್ಚಿಕೊಂಡೇ ಅಷ್ಟನ್ನೂ ಓದಿ ಮುಗಿಸಿದರು.

ಈ ವಿಷಯದಲ್ಲಿ ಮೇಷ್ಟ್ರ ದೇವರು ಕೆನಡಾ ಮೂಲದ ಎರ್ವಿಂಗ್ ಗಾಫ್‌ಮನ್. 1949ರಿಂದ 1951ರವರೆಗೆ ಸ್ಕಾಟ್ಲೆಂಡಿನ ಆಚೆಯ ಶೆಟ್ಲೆಂಡ್ ದ್ವೀಪದಲ್ಲಿ ಕೂತು ರೈತಾಪಿ ಜನರನ್ನೂ ಹೋಟೆಲಿನ ಅಡುಗೆಮನೆಯನ್ನೂ ನೋಡಿದ ಆತ, ದಿನನಿತ್ಯದ ಬದುಕೆಲ್ಲ ರಂಗಪ್ರಯೋಗವೇ ಎಂದು ಪುಸ್ತಕ ಬರೆದ. ಅದರಲ್ಲೊಂದು ಸೊಗಸಾದ ಸಂಗತಿ ಬರುತ್ತದೆ. ಅಲ್ಲಿ ಮನೆಗೆ ಬರುವ ನೆಂಟ ಬಾಗಿಲವರೆಗೂ ಸಪ್ಪೆ ಮುಖದಲ್ಲಿ ನಡೆದುಬಂದು, ಹೊಸ್ತಿಲು ಹತ್ತಿರವಾದಾಗ ನಗುವನ್ನು ತೊಟ್ಟುಕೊಳ್ಳುತ್ತಿದ್ದ. ಮನೆಯವರು ಕಿಟಕಿಯಿಂದ ಈ ಬದಲಾವಣೆಯನ್ನು ನೋಡಿ ಒಳಗೇ ಖುಷಿಪಡುತ್ತಿದ್ದರು. ನಾವು ಬೇಕೆಂದು ತೋರುವುದು ಒಂದು, ನಮಗೆ ತಿಳಿಯದೆ ನಮ್ಮಿಂದ ಸೋರುವುದು ಇನ್ನೊಂದು. ಎದುರಿನವರು ಎರಡನೆಯದರಿಂದ ಮೊದಲನೆಯದನ್ನು ತಾಳೆ ನೋಡುತ್ತಾರೆ. ಗೆಣಸಲೆಯೋ ಮುದ್ದೆಯೋ, ‘ಬಹಳ ಚೆನ್ನಾಗಿದೆ’ ಎನ್ನುವ ನೆಂಟನ ಮಾತನ್ನು ಕೇಳಿಸಿಕೊಳ್ಳುತ್ತ, ತುತ್ತು ಎಷ್ಟು ಬೇಗ ಇಳಿಯುತ್ತಿದೆ ಎಂದು ನಮ್ಮ ಮನೆಯ ಹೆಂಗಸರು ನೋಡುವುದಿಲ್ಲವೇ? ಹಾಗೆ.

ಮೇಷ್ಟ್ರೂ ತೋರುವುದರಲ್ಲಿ ಪಳಗಿದವರು. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಬೈಂಡು ಹಾಕಿದ ದಪ್ಪ ಇಂಗ್ಲಿಷ್ ಪುಸ್ತಕ. ಪುಸ್ತಕದಿಂದ ಬಣ್ಣಬಣ್ಣದ ಚೀಟಿಗಳು ಇಣುಕುತ್ತವೆ, ಪುಸ್ತಕ ಮಾತ್ರ ತೆರೆಯುವುದಿಲ್ಲ. ಗೊತ್ತಿಲ್ಲದ ಪ್ರಶ್ನೆ ಬಂದರೆ ‘ಒಳ್ಳೆಯ ಪ್ರಶ್ನೆ, ಮುಂದಿನ ತರಗತಿಗೆ ಇಟ್ಟುಕೊಳ್ಳೋಣ’. ಮೊದಲ ದಿನ ಅವರು ನಗಲೇ ಇಲ್ಲ. ಮೊದಲ ದಿನ ಹಿಡಿತ ತಪ್ಪಿದರೆ ವರ್ಷಪೂರ್ತಿ ತಪ್ಪಿತು ಎಂದು ಚಿಕಾಗೋದ ಶಾಲಾಶಿಕ್ಷಕರು ಸಮಾಜಶಾಸ್ತ್ರಜ್ಞ ಹೊವರ್ಡ್ ಬೆಕರ್‌ಗೆ ಹೇಳಿದ್ದನ್ನು ಗಾಫ್‌ಮನ್ ಎತ್ತಿ ಬರೆದಿದ್ದಾನಲ್ಲ! ಮಕ್ಕಳ ಕಡೆಯ ಆಟವೂ ಅದೇ ಪುಸ್ತಕದಲ್ಲಿದೆ. ಗಮನಕೊಟ್ಟಂತೆ ಕಾಣಲು ಕಣ್ಣರಳಿಸಿ ಕೂತ ವಿದ್ಯಾರ್ಥಿ ಆ ಶ್ರಮದಲ್ಲೇ ದಣಿದು ಪಾಠವನ್ನೇ ಕೇಳಿಸಿಕೊಳ್ಳುವುದಿಲ್ಲ ಎಂಬ ಸಾರ್ತ್ರನ ಮಾತು. ಮುಂದಿನ ಬೆಂಚಿನವರಲ್ಲಿ ಮೇಷ್ಟ್ರಿಗೆ ಅದರ ದಿನನಿತ್ಯದ ಸಾಕ್ಷಿ ಸಿಗುತ್ತದೆ.

ಮನೆ ಬೇಲೂರಿನಲ್ಲಿ. ಹಾಗಾಗಿ ಉದಾಹರಣೆಗಳಿಗೆ ಬರವಿಲ್ಲ. 1117ರ ಚೆನ್ನಕೇಶವ ದೇವಾಲಯದ ದರ್ಪಣಸುಂದರಿ ನೇಪಥ್ಯವೇ ಇಲ್ಲದೆ ಹೊರಗೋಡೆಯಲ್ಲಿ ನಿಂತು, ಎಲ್ಲರ ಎದುರಿಗೇ ಕನ್ನಡಿ ನೋಡಿಕೊಳ್ಳುತ್ತಾಳೆ. ಬೇಲೂರಿನ ಶಿಲ್ಪಿಗಳೇನು ಕಡಿಮೆಯೇ, ಎದುರಾಳಿಗಳನ್ನು ಬಗ್ಗುಬಡಿದ ಬಿರುದುಗಳ ಸಮೇತ ಕಲ್ಲಿನ ಮೇಲೆ ಹೆಸರು ಕೊರೆದು ಹೋದರು. ಇದನ್ನು ಮೇಷ್ಟ್ರು ಹೇಳುವಾಗ ತರಗತಿ ನಿಜವಾಗಿಯೂ ಕೇಳುತ್ತದೆ.

ತೊಂದರೆ ಇದ್ದದ್ದು ಬಸ್ಸಿನಲ್ಲಿ. ಗಾಫ್‌ಮನ್ ಪ್ರಕಾರ ಒಬ್ಬ ನಟ ಒಂದು ಪಾತ್ರವನ್ನು ಒಂದೇ ಬಗೆಯ ಪ್ರೇಕ್ಷಕರ ಮುಂದೆ ಆಡಬೇಕು. ಇನ್ನೊಂದು ಪಾತ್ರದ ಪ್ರೇಕ್ಷಕರು ಅಲ್ಲಿಗೆ ಬರಕೂಡದು. ಬೇಲೂರಿನಿಂದ ಹಳೇಬೀಡಿನ ಮೇಲೆ ಅರಸೀಕೆರೆಗೆ ಹೋಗುವ ಬೆಳಗಿನ ಬಸ್ಸಿಗೆ ಈ ನಿಯಮ ಗೊತ್ತಿಲ್ಲ. ಅಸೈನ್‌ಮೆಂಟ್ ಕೊಟ್ಟ ಮೇಲೆ ಒಂದು ದಿನ ಹಿಂದಿನ ಎರಡು ಸಾಲಿನಲ್ಲಿ ಅವರದೇ ವಿದ್ಯಾರ್ಥಿಗಳು. ಮೇಷ್ಟ್ರು ದಪ್ಪ ಪುಸ್ತಕವನ್ನು ತೊಡೆಯ ಮೇಲೆ, ಬೆನ್ನಕ್ಷರ ಹಿಂದಿನವರಿಗೆ ಕಾಣುವಂತೆ, ಓರೆಯಾಗಿ ಇಟ್ಟುಕೊಂಡಿದ್ದರು. ಹಳೇಬೀಡಿನಲ್ಲಿ ಬಸ್ಸು ನಿಂತಿತು. ಮೊದಲು ಒಂದು ಚೀಲ ಹತ್ತಿತು. ಅದರ ಹಿಂದೆ ಅತ್ತೆ ಹತ್ತಿದರು.

ಅತ್ತೆ ಆಧಾರ್ ತೋರಿಸಿ ದುಡ್ಡಿಲ್ಲದ ಟಿಕೆಟ್ಟು ಇಸಿದುಕೊಂಡು, ಚೀಲವನ್ನು ಮೇಷ್ಟ್ರ ಪಾದದ ಮೇಲೆ ಕೂರಿಸಿ, ತಾವು ಪಕ್ಕದಲ್ಲಿ ಕೂತು, ಹೊಲದ ಈ ಬದಿಯಿಂದ ಆ ಬದಿಗೆ ಕರೆಯುವ ದನಿಯಲ್ಲಿ ಶುರುಮಾಡಿದರು. ‘ಏನ್ ಮಗಾ, ಕೆಲ್ಸ ಕಾಯಂ ಆಯ್ತಾ?’

ಮೇಷ್ಟ್ರು ತಗ್ಗಿದ ದನಿಯಲ್ಲಿ ‘ಆಗ್ತದೆ ಅತ್ತೆ’ ಎಂದರು.

‘ಆಗ್ತದೆ ಅಂತ ಹೋದ್ ಸಂಕ್ರಾಂತಿಗೂ ಅಂದಿದ್ದೆ. ಬೇಸಿಗೆ ರಜೇಲಿ ಸಂಬ್ಳಾನೇ ಬರಕಿಲ್ವಂತೆ? ನಿಮ್ಮವ್ವ ಹೇಳಿ ಕಣ್ಣೀರ್ ಹಾಕಿದ್ಲು. ಕಾಯಂ ಆಗ್ದೆ ಹೆಣ್ ಕೊಡೋರ್ಯಾರು?’

ಕಂಡಕ್ಟರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ. ಅತ್ತೆಯ ಕೈ ಚೀಲಕ್ಕೆ ಹೋಯಿತು, ಹಿಡಿ ತುಂಬ ಸೊಗಡವರೆಕಾಯಿ ಮೇಲೆ ಬಂತು, ದಪ್ಪ ಪುಸ್ತಕ ಮೊರವಾಯಿತು. ‘ಸುಮ್ನೆ ಕೂತಿದೀಯ, ಸುಲಿ’ ಎಂದರು. ಮೇಷ್ಟ್ರು ಸುಲಿದರು. ಗಾಫ್‌ಮನ್‌ನ ಮೇಲೆ ಕಾಳು, ಕಾಲಬುಡದಲ್ಲಿ ಸಿಪ್ಪೆ. ಒಂದು ಕಾಯಿಯೊಳಗಿಂದ ಹಸಿರು ಹುಳ ಹೊರಬಂದು, ‘ಸ್ವ’ದ ಬಗೆಗಿನ ಪುಟದ ಹಳದಿ ಚೀಟಿಯನ್ನು ಹತ್ತತೊಡಗಿತು. ಮೇಷ್ಟ್ರು ಅದನ್ನೇ ನೋಡುತ್ತಿದ್ದರು. ನೋಡಲು ಬೇರೇನೂ ಉಳಿದಿರಲಿಲ್ಲ. ಹುಳ ಚೀಟಿಯ ತುದಿ ತಲುಪಿ, ಮುಂದೆ ದಾರಿಯಿಲ್ಲದೆ, ಅರ್ಧ ಮೈ ಗಾಳಿಯಲ್ಲಿ ಆಡಿಸುತ್ತ ನಿಂತಿತು.

ಅಷ್ಟೂ ಹೊತ್ತು ಹಿಂದಿನ ಸಾಲು ಏನು ಮಾಡುತ್ತಿತ್ತು? ಒಬ್ಬ ಇಯರ್‌ಫೋನ್ ಸಿಕ್ಕಿಸಿಕೊಂಡ. ತಂತಿಯ ಇನ್ನೊಂದು ತುದಿ ಅವನ ಜೇಬಿನ ಹೊರಗೆ ನೇತಾಡುತ್ತಿತ್ತು. ಇಬ್ಬರು ಹುಡುಗಿಯರಿಗೆ ಜಾವಗಲ್ಲಿನ ದಾರಿಯ ತೆಂಗಿನ ತೋಟಗಳು ಜನ್ಮದಲ್ಲಿ ಮೊದಲ ಸಲ ಕಂಡಂತಾದವು. ಒಬ್ಬಳು ನಿದ್ದೆ ಹೋದಳು. ಕಿಟಕಿಯ ಆಚೆ ನೋಡುವುದಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ. ಮಂದಿಯ ನಡುವಿನ ಒಡನಾಟದಲ್ಲೇ ಅರ್ಥ ಹುಟ್ಟುತ್ತದೆ ಎನ್ನುವುದು ‘ಸಾಂಕೇತಿಕ ಅಂತಃಕ್ರಿಯೆ’ ಎಂಬ ಹೆಸರನ್ನು 1937ರಲ್ಲಿ ಕಟ್ಟಿದ ಹರ್ಬರ್ಟ್ ಬ್ಲೂಮರ್‌ನ ವಾದ. ಅವತ್ತು ಆ ನೋಟದ ಅರ್ಥ ‘ನಾವೇನೂ ಕೇಳಿಸಿಕೊಳ್ಳಲಿಲ್ಲ ಸಾರ್’ ಎಂದು. ನಟ ತಪ್ಪಿದಾಗ ನಾಟಕವನ್ನು ಉಳಿಸುವವರು ಪ್ರೇಕ್ಷಕರೇ ಎಂದು ಗಾಫ್‌ಮನ್ ಬರೆದ ಪುಟಕ್ಕೂ ಮೇಷ್ಟ್ರು ಚೀಟಿ ಅಂಟಿಸಿದ್ದರು.

ಆದರೆ ಎಲ್ಲರಿಗೂ ಒಂದೇ ಬೆಲೆಗೆ ವೇಷ ಸಿಗುವುದಿಲ್ಲ. ಕಾಯಂ ಅಧ್ಯಾಪಕರು ಚಪ್ಪಲಿಯಲ್ಲಿ ಬಂದರೆ ಸರಳತೆ, ಅತಿಥಿ ಉಪನ್ಯಾಸಕ ಬಂದರೆ ಬಡತನ. ವರ್ಷಕ್ಕೊಮ್ಮೆ ಹೊಸದಾಗಿ ನೇಮಕವಾಗಬೇಕಾದವನು, ರಜೆಯಲ್ಲಿ ಸಂಬಳ ನಿಲ್ಲುವವನು, ಅದೇ ಪಾಠವನ್ನು ಅದೇ ಬೋರ್ಡಿನ ಮೇಲೆ ಬರೆದರೂ ಇಸ್ತ್ರಿಯ ಗೆರೆ ಕೆಡುವಂತಿಲ್ಲ. ಗಾಫ್‌ಮನ್ ಅಂಗಿಯ ಬಗ್ಗೆ ಬಹಳ ಹೇಳುತ್ತಾನೆ. ಇಸ್ತ್ರಿಯವನ ಬಾಕಿ ಎಷ್ಟು ಎಂಬಲ್ಲಿ ಅವನು ಅಷ್ಟು ಸಹಾಯಕ್ಕೆ ಬರುವುದಿಲ್ಲ.

ಅಸೈನ್‌ಮೆಂಟಿನ ಕಟ್ಟಿನ ತಳದಲ್ಲಿ ನಿದ್ದೆ ಹೋಗಿದ್ದ ಹುಡುಗಿಯ ಹಾಳೆ ಇತ್ತು. ವಿಷಯ, ‘ಬಸ್ಸಿನಲ್ಲಿ ಒಬ್ಬ ಉದ್ಯೋಗಿ ಮತ್ತು ಅವರ ಬಂಧು’. ಊರಿಲ್ಲ, ಹೆಸರಿಲ್ಲ, ಉದ್ಯೋಗ ಯಾವುದೆಂದೂ ಇಲ್ಲ. ಎರಡು ಬಗೆಯ ಪ್ರೇಕ್ಷಕರು ಒಟ್ಟಾದದ್ದು, ಪುಸ್ತಕ ಮೊರವಾದದ್ದು, ಹಿಂದಿನ ಸಾಲಿನವರು ಕಣ್ಣು ತಪ್ಪಿಸಿದ್ದು, ತಾನು ನಿದ್ದೆ ನಟಿಸಿದ್ದು ಎಲ್ಲ ಕ್ರಮವಾಗಿ ಇತ್ತು. ಇಡೀ ಕಟ್ಟಿನಲ್ಲಿ ಕಣ್ಣಾರೆ ಕಂಡು ಬರೆದದ್ದು ಅದೊಂದೇ. ಮೇಷ್ಟ್ರು ಒಂಬತ್ತು ಅಂಕ ಕೊಟ್ಟರು.

ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ‘ಸಾರ್, ಒಂದು ಅಂಕ ಯಾಕೆ ಹೋಯ್ತು?’

ಮೇಷ್ಟ್ರು ಹಾಳೆ ತಿರುಗಿಸಿ, ಕೆಂಪು ಗೆರೆ ಎಳೆದ ಜಾಗವನ್ನು ತೋರಿಸಿದರು. ‘ಕ್ಷೇತ್ರಕಾರ್ಯದಲ್ಲಿ ವಿವರ ಕರಾರುವಾಕ್ಕಾಗಿ ಇರಬೇಕಮ್ಮ. ಚೀಲದಲ್ಲಿದ್ದದ್ದು ತೊಗರಿಕಾಯಿ ಅಲ್ಲ, ಅವರೆಕಾಯಿ.’

‘ಸರಿ ಸಾರ್, ತಿದ್ಕೋತೀನಿ’ ಎಂದ ಹುಡುಗಿ, ಕಿಟಕಿಯ ಆಚೆ ನೋಡಿದಳು.