ಮೂವತ್ತಾರರ ಮೂರು ಬೆಲೆ

ಕರ್ನಾಟಕದ ರಾಜಕೀಯದಲ್ಲಿ ಶೇಕಡ 36 ಚಿಲ್ಲರೆ ಮತ ಎಂಬ ಸರಕೊಂದಿದೆ. 2013ರಲ್ಲಿ ಅದನ್ನು ತಂದದ್ದು ಕಾಂಗ್ರೆಸ್. 122 ಶಾಸಕರು ಸಿಕ್ಕರು, ಸಿದ್ದರಾಮಯ್ಯನವರು ಐದು ವರ್ಷ ನೆಮ್ಮದಿಯಾಗಿ ಆಳಿದರು. 2018ರಲ್ಲಿ ಅಷ್ಟೇ ತೂಕದ ಸರಕನ್ನು ಬಿಜೆಪಿ ತಂದಿತು. 104 ಸಿಕ್ಕಿತು, ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿ ಮೂರನೆಯ ದಿನಕ್ಕೆ ರಾಜೀನಾಮೆ ಕೊಟ್ಟರು. 2023ರಲ್ಲಿ ಅದೇ ಬಿಜೆಪಿ ಮತ್ತೆ ಅದೇ ಮೂವತ್ತಾರನ್ನು ಹೊತ್ತು ಬಂತು. ಈ ಸಲ ಸಿಕ್ಕಿದ್ದು 66. ತೂಕ ಒಂದೇ, ಬೆಲೆ ಮೂರು. ಎಪಿಎಂಸಿಯಲ್ಲಿ ಈರುಳ್ಳಿಗೆ ಹೀಗಾದರೆ ರೈತರು ರಸ್ತೆ ತಡೆ ಮಾಡುತ್ತಾರೆ. ವೋಟಿಗೆ ಹೀಗಾದರೆ ನಾವು ಪಟಾಕಿ ಹೊಡೆಯುತ್ತೇವೆ.

122 ಬಂದಾಗ ಅದು ‘ಐತಿಹಾಸಿಕ ಜನಾದೇಶ’. 66 ಬಂದಾಗ ‘ಜನ ತಿರಸ್ಕರಿಸಿದರು’. ಟಿವಿಯಲ್ಲಿ ಕೂತ ವಿಶ್ಲೇಷಕರು 2023ರ ಮೇ ತಿಂಗಳಲ್ಲಿ ಬಿಜೆಪಿಯ ಮೇಲಿದ್ದ ಜನರ ಕೋಪವನ್ನು ಗಂಟೆಗಟ್ಟಲೆ ಬಣ್ಣಿಸಿದರು. ಕೋಪ ಇತ್ತೋ ಏನೋ, ಮತ ಮಾತ್ರ ಐದು ವರ್ಷದ ಹಿಂದೆ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇತ್ತು. ಅರ್ಧ ಅಂಶದಷ್ಟೂ ಅತ್ತಿತ್ತ ಆಗಿರಲಿಲ್ಲ.

ಇದರಲ್ಲಿ ಯಾರ ಮೋಸವೂ ಇಲ್ಲ, ಮತಯಂತ್ರದ ತಪ್ಪೂ ಇಲ್ಲ. ನಿಯಮವೇ ಹಾಗಿದೆ. ರಾಜ್ಯವನ್ನು 224 ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಉಳಿದವರಿಗಿಂತ ಒಂದು ಮತ ಹೆಚ್ಚು ಪಡೆದವರನ್ನು ಗೆದ್ದವರೆಂದು ಘೋಷಿಸುತ್ತೇವೆ. ಅರ್ಧದಷ್ಟು ಮತ ಬೇಕಿಲ್ಲ, ಮುಂದಿದ್ದರೆ ಸಾಕು. ‘ಒಂದು ಮತ’ ಎಂಬುದು ಬರಿಯ ಮಾತೂ ಅಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. 2023ರಲ್ಲಿ ಜಯನಗರದಲ್ಲಿ ಮರುಎಣಿಕೆ ಮುಗಿದಾಗ ಬಿಜೆಪಿಗೆ 57,797, ಕಾಂಗ್ರೆಸ್ಸಿಗೆ 57,781. ಹದಿನಾರು ಜನರ ಅಂತರದಲ್ಲಿ ಬಿಜೆಪಿ ಇಡೀ ಜಯನಗರವನ್ನು ಪಡೆಯಿತು. ಆ 57,781 ಜನ ಮನೆಯಲ್ಲೇ ಮಲಗಿದ್ದರೂ ವಿಧಾನಸಭೆಯಲ್ಲಿ ಒಂದು ಕುರ್ಚಿಯೂ ಅತ್ತಿತ್ತ ಆಗುತ್ತಿರಲಿಲ್ಲ. ಬೆರಳಿಗೆ ಬಿದ್ದ ಶಾಯಿಯೊಂದೇ ಅವರಿಗೆ ದಕ್ಕಿದ್ದು.

ಸೋತವರ ಮತ ಹೀಗೆ ಹಾಳಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗೆದ್ದವರ ಮತವೂ ಹಾಳಾಗುತ್ತದೆ ಎಂಬುದು ಅಷ್ಟಾಗಿ ಹೊಳೆಯುವುದಿಲ್ಲ. ಒಂದು ಮತದಿಂದ ಗೆದ್ದರೂ ಒಬ್ಬನೇ ಶಾಸಕ, ಐವತ್ತು ಸಾವಿರದಿಂದ ಗೆದ್ದರೂ ಒಬ್ಬನೇ. ಹಾಗಾಗಿ ಈ ಪದ್ಧತಿಯಲ್ಲಿ ಎಷ್ಟು ಜನ ಮತ ಹಾಕಿದರು ಎನ್ನುವುದಕ್ಕಿಂತ ಅವರು ಎಲ್ಲಿ ವಾಸವಾಗಿದ್ದಾರೆ ಎನ್ನುವುದೇ ಮುಖ್ಯ. 2018ರಲ್ಲಿ ಕಾಂಗ್ರೆಸ್ಸಿಗೆ ಬಿಜೆಪಿಗಿಂತ ಹೆಚ್ಚು ಮತ ಬಿದ್ದಿತ್ತು, ಶೇ 38. ಆದರೂ ಸಿಕ್ಕಿದ್ದು 80 ಸ್ಥಾನ. ಏಕೆಂದರೆ ಕಾಂಗ್ರೆಸ್ ಮತ ಬೀದರಿನಿಂದ ಚಾಮರಾಜನಗರದವರೆಗೂ ಹರಡಿಕೊಂಡಿತ್ತು. ಉಡುಪಿ ಜಿಲ್ಲೆಯ ಐದೂ ಕ್ಷೇತ್ರಗಳಲ್ಲಿ ಅದು ಬಿಜೆಪಿಯ ಕೆಳಗಿತ್ತು, ಮಂಡ್ಯದ ಏಳೂ ಕ್ಷೇತ್ರಗಳಲ್ಲಿ ಜೆಡಿಎಸ್‌ನ ಕೆಳಗಿತ್ತು. ಎಲ್ಲೆಡೆ ಎರಡನೆಯ ಸ್ಥಾನ ಪಡೆಯುವ ಪಕ್ಷಕ್ಕೆ ಈ ಪದ್ಧತಿ ಕೊಡುವುದು ಗೌರವ ಮಾತ್ರ. ಬಿಜೆಪಿಯ ಮತ ಕರಾವಳಿ ಮತ್ತು ಉತ್ತರದ ಜಿಲ್ಲೆಗಳಲ್ಲಿ ಗಟ್ಟಿಯಾಗಿ ನಿಂತಿತ್ತು. ಹಳೆ ಮೈಸೂರಿನಲ್ಲಿ ಬಹಳ ಕಡಿಮೆ, ಆದ್ದರಿಂದ ಅಲ್ಲಿ ಹಾಳಾಗಿದ್ದೂ ಕಡಿಮೆ.

2023ರಲ್ಲಿ ಬಿಜೆಪಿಯವರು ಶ್ರಮಪಟ್ಟು ಆ ಹಳೆ ಮೈಸೂರಿನಲ್ಲಿ ಮತ ಹೆಚ್ಚಿಸಿಕೊಂಡರು. ಗೆಲ್ಲುವಷ್ಟು ಅಲ್ಲ, ಸೋಲು ಮರ್ಯಾದೆಯಾಗಿ ಕಾಣುವಷ್ಟು. ಉತ್ತರದಲ್ಲಿ, ಗೆಲುವಿಗೆ ಬೇಕಾದ ಕಡೆಯಲ್ಲೇ, ಕಳೆದುಕೊಂಡರು. ಕೂಡಿದರೆ ಅದೇ 36. ಜೆಡಿಎಸ್‌ನಿಂದ ಐದಂಶ ಮತ ಜಾರಿತು, ಕಾಂಗ್ರೆಸ್ಸಿಗೆ ಹೆಚ್ಚುಕಡಿಮೆ ಅಷ್ಟೇ ಏರಿತು. ಇಷ್ಟರಿಂದ ಕಾಂಗ್ರೆಸ್ 80ರಿಂದ 135ಕ್ಕೆ ಜಿಗಿಯಿತು. 2013ರ ಗುಟ್ಟು ಇನ್ನೂ ಸರಳ. ಆಗ ಬಿಜೆಪಿ ಒಡೆದು ಯಡಿಯೂರಪ್ಪನವರ ಕೆಜೆಪಿ, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ಎಂದು ಮೂರಾಗಿತ್ತು. ಮೂರನ್ನೂ ಕೂಡಿಸಿದರೆ ಶೇ 32 ಮತ, 50 ಸ್ಥಾನ. ಹೀಗಿರುವಾಗ ಎದುರಾಳಿಯ ಮನೆ ಒಡೆಯುವುದು ತಮ್ಮ ಪ್ರಣಾಳಿಕೆ ಬರೆಯುವುದಕ್ಕಿಂತ ಲಾಭದ ಕೆಲಸ ಎಂದು ನಮ್ಮ ನಾಯಕರು ಅರಿತದ್ದರಲ್ಲಿ ಏನು ಆಶ್ಚರ್ಯ?

2023ರ ಲೆಕ್ಕವನ್ನೇ ಇನ್ನೊಂದು ಬಗೆಯಲ್ಲಿ ನೋಡಿ. ಕಾಂಗ್ರೆಸ್ಸಿಗೆ ಒಬ್ಬ ಶಾಸಕ ಬಿದ್ದದ್ದು ಸರಾಸರಿ 1.24 ಲಕ್ಷ ಮತಕ್ಕೆ. ಬಿಜೆಪಿಗೆ 2.14 ಲಕ್ಷಕ್ಕೆ. ಜೆಡಿಎಸ್‌ಗೆ 2.74 ಲಕ್ಷಕ್ಕೆ. ದೊಡ್ಡ ಗಿರಾಕಿಗೆ ರಿಯಾಯಿತಿ, ಚಿಕ್ಕವರಿಗೆ ದುಬಾರಿ.

ಪ್ರಮಾಣಾನುಗುಣ ಪ್ರಾತಿನಿಧ್ಯ ಎನ್ನುವುದು ಈ ದರವನ್ನು ಎಲ್ಲರಿಗೂ ಒಂದೇ ಮಾಡುವ ಪದ್ಧತಿ. ಅದರ ಪಟ್ಟಿ ಮಾದರಿಯಲ್ಲಿ ಜನ ಪಕ್ಷಕ್ಕೆ ಮತ ಹಾಕುತ್ತಾರೆ. ಇಡೀ ರಾಜ್ಯದ ಮತ ಕೂಡಿಸಿ, ಶೇಕಡಾವಾರು ಸ್ಥಾನ ಹಂಚಿ, ಪಕ್ಷ ಮೊದಲೇ ಕೊಟ್ಟ ಪಟ್ಟಿಯ ಮೇಲಿನಿಂದ ಅಷ್ಟು ಹೆಸರನ್ನು ಒಳಗೆ ಕಳಿಸುತ್ತಾರೆ. ತೀರಾ ಸಣ್ಣ ಪಕ್ಷಗಳ ಸಂತೆಯಾಗದಿರಲಿ ಎಂದು ಕೆಳಗೊಂದು ಮಿತಿ ಇಡುತ್ತಾರೆ. ಜರ್ಮನಿಯಲ್ಲಿ ಅದು ಶೇ 5. ಆ ಮಿತಿಯನ್ನೇ ನಮಗೂ ಹಾಕಿ 2023ರ ಮತಗಳನ್ನು ಹಂಚಿದರೆ ಉಳಿಯುವುದು ಮೂರೇ ಪಕ್ಷ: ಕಾಂಗ್ರೆಸ್ಸಿಗೆ 104, ಬಿಜೆಪಿಗೆ 88, ಜೆಡಿಎಸ್‌ಗೆ 32. ನಿಯಮ ಬೇರೆಯಾಗಿದ್ದರೆ ಜನ ಮತ ಹಾಕುವ ರೀತಿಯೂ ಬೇರೆಯಾಗುತ್ತಿತ್ತು, ಒಪ್ಪೋಣ. ಆದರೂ ಅಂದಾಜಿಗೆ ಇಷ್ಟು ಸಾಕು. ಬಹುಮತದ 113 ಯಾರಿಗೂ ಇಲ್ಲ.

‘ನೋಡಿ, ಅತಂತ್ರ! ಸ್ಥಿರ ಸರ್ಕಾರ ಬೇಡವೇ?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸಂವಿಧಾನ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅವರು 1949ರ ಜನವರಿಯಲ್ಲಿ ಪ್ರಮಾಣಾನುಗುಣ ಪದ್ಧತಿಗಾಗಿ ತಿದ್ದುಪಡಿ ಮಂಡಿಸಿದಾಗ ಅಂಬೇಡ್ಕರ್ ಅದನ್ನು ಒಪ್ಪದಿರಲು ಕೊಟ್ಟ ಕಾರಣ ಎರಡು: ಓದು ಬಾರದವರೇ ಹೆಚ್ಚಿರುವ ದೇಶಕ್ಕೆ ಅದು ಕಷ್ಟ, ಜೊತೆಗೆ, ಹಲವು ಗುಂಪುಗಳಾಗಿ ಒಡೆದ ಸಭೆಯಲ್ಲಿ ಸರ್ಕಾರ ನಿಲ್ಲುವುದಿಲ್ಲ. ಆ ಕಾಲಕ್ಕೆ ಅದು ತೂಕದ ಮಾತು. ಆದರೆ ಸ್ಥಿರತೆಗೆಂದೇ ತಂದ ಪದ್ಧತಿ ನಮಗೆ ಕೊಟ್ಟ ಸ್ಥಿರತೆಯನ್ನೂ ಎಣಿಸೋಣ. 2008ರಿಂದ 2013ರವರೆಗೆ ಒಂದೇ ಪಕ್ಷ ಆಳಿತು, ಮೂವರು ಮುಖ್ಯಮಂತ್ರಿಗಳು ಬಂದರು. 2018ರಿಂದ 2023ರವರೆಗೆ ಯಡಿಯೂರಪ್ಪ, ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ, ಆಮೇಲೆ ಬೊಮ್ಮಾಯಿ. ನಡುವೆ ಬಂಡಾಯ ಶಾಸಕರ ಮುಂಬೈ ಪ್ರವಾಸ. 37 ಸ್ಥಾನದ ಪಕ್ಷದವರು ಮುಖ್ಯಮಂತ್ರಿಯಾದದ್ದೂ ಈ ಪದ್ಧತಿಯಲ್ಲೇ. ಪ್ರಮಾಣಾನುಗುಣ ಪದ್ಧತಿಯ ರೋಗಗಳೆಂದು ಪಠ್ಯಪುಸ್ತಕ ಹೇಳುವುದನ್ನೆಲ್ಲ ನಾವು ಆ ಪದ್ಧತಿ ಇಲ್ಲದೆಯೇ ಅನುಭವಿಸಿದ್ದೇವೆ. ಔಷಧಿ ಮಾತ್ರ ಸಿಕ್ಕಿಲ್ಲ.

ಹಾಗೆಂದು ಪಟ್ಟಿ ಪದ್ಧತಿ ಬಂದರೆ ರಾಮರಾಜ್ಯವೇನೂ ಅಲ್ಲ. ಪಟ್ಟಿ ಬರೆಯುವವರು ಯಾರು? ಹೈಕಮಾಂಡ್. ಇವತ್ತು ಬಿ ಫಾರಂಗಾಗಿ ದೆಹಲಿಯ ವಿಮಾನ ಹತ್ತುವವರು ನಾಳೆ ಪಟ್ಟಿಯ 90ನೇ ನಂಬರಿನಿಂದ 40ಕ್ಕೆ ಏರಲು ಹತ್ತುತ್ತಾರೆ. ಟಿಕೆಟ್ಟಿಗೆ ಒಂದೇ ದರವಿದ್ದದ್ದು ನಂಬರಿಗೊಂದು ದರವಾದೀತು. ಮದುವೆಗೆ ಬಂದು ಅಕ್ಷತೆ ಹಾಕುವ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಫೋನಿಗೆ ಸಿಗುವ ‘ನಮ್ಮ ಎಮ್ಮೆಲ್ಲೆ’ ಇರುವುದಿಲ್ಲ. ಇಡೀ ರಾಜ್ಯಕ್ಕೆ ಸೇರಿದವರು ಯಾವ ಊರಿಗೂ ಸೇರಿದವರಲ್ಲ. ಮತ ಅಲ್ಲಿಯೂ ಹಾಳಾಗುತ್ತದೆ. ಇಸ್ರೇಲಿನಲ್ಲಿ ಮಿತಿ ಶೇ 3.25. 2022ರ ಚುನಾವಣೆಯಲ್ಲಿ ಮೆರೆಟ್ಜ್ ಪಕ್ಷಕ್ಕೆ ಶೇ 3.16 ಬಂತು, ಸ್ಥಾನ ಸೊನ್ನೆ. ಅದು ಆ ದೇಶ ನಾಲ್ಕು ವರ್ಷದೊಳಗೆ ನಡೆಸಿದ ಐದನೆಯ ಚುನಾವಣೆ ಎಂಬುದನ್ನೂ ಮುಚ್ಚಿಡಬಾರದು. ಊರಿನ ಶಾಸಕರೂ ಇರಲಿ, ಪ್ರಮಾಣವೂ ಸರಿಯಿರಲಿ ಎಂದು ಜರ್ಮನಿ, ನ್ಯೂಜಿಲೆಂಡ್ ಮಿಶ್ರ ದಾರಿ ಹಿಡಿದವು: ಒಂದು ಮತ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ನಮ್ಮ ಕಾನೂನು ಆಯೋಗವೂ 1999ರ ತನ್ನ 170ನೇ ವರದಿಯಲ್ಲಿ, ಈಗಿರುವ ಕ್ಷೇತ್ರಗಳ ಜೊತೆಗೆ ಒಂದಿಷ್ಟು ಸ್ಥಾನಗಳನ್ನು ಪಟ್ಟಿಯಿಂದ ತುಂಬಬಹುದು ಎಂದಿತ್ತು. ವರದಿ ಕ್ಷೇಮವಾಗಿದೆ.

ಈಗಿನ ಪದ್ಧತಿಯನ್ನು ಬದಲಿಸಬಲ್ಲವರು ಗೆದ್ದವರು ಮಾತ್ರ, ಗೆದ್ದವರಿಗೆ ಬದಲಿಸುವ ದರ್ದಿಲ್ಲ. ಕೆನಡಾದ ಜಸ್ಟಿನ್ ಟ್ರೂಡೊ 2015ರಲ್ಲಿ ‘ಹಳೆ ಪದ್ಧತಿಯ ಕೊನೆಯ ಚುನಾವಣೆ ಇದೇ’ ಎಂದು ಮಾತುಕೊಟ್ಟರು. ಶೇ 39.5 ಮತಕ್ಕೆ 338ರಲ್ಲಿ 184 ಸ್ಥಾನ ಬಂತು. 2017ರ ಫೆಬ್ರುವರಿಯಲ್ಲಿ ಅವರ ಸರ್ಕಾರ ಆ ಮಾತನ್ನು ಕೈಬಿಟ್ಟಿತು. ಅಷ್ಟು ಅಗ್ಗಕ್ಕೆ ಬಹುಮತ ಸಿಕ್ಕ ಮೇಲೆ ಆ ಅಂಗಡಿಯನ್ನು ಮುಚ್ಚಿಸುವುದುಂಟೇ?

ನಮ್ಮ ಶಾಸಕರಿಗೆ ಪ್ರಮಾಣಾನುಗುಣ ಪದ್ಧತಿ ಅರ್ಥವಾಗುವುದಿಲ್ಲ ಎಂದು ಮಾತ್ರ ಯಾರೂ ಅನ್ನಬೇಡಿ. ರಾಜ್ಯಸಭೆಗೆ, ವಿಧಾನ ಪರಿಷತ್ತಿಗೆ ಅವರು ಆರಿಸಿ ಕಳಿಸುವುದು ಪ್ರಮಾಣಾನುಗುಣ ಪ್ರಾತಿನಿಧ್ಯದಲ್ಲೇ. ಸಂವಿಧಾನ ಹಾಗೆಂದು ಬರೆದಿದೆ. ಅಲ್ಲಿ ಮೊದಲ ಪ್ರಾಶಸ್ತ್ಯದ ಮತ, ಎರಡನೆಯದು, ಮೂರನೆಯದು ಎಂದು ಅಂಕಿ ಬರೆಯುತ್ತಾರೆ. ಗೆದ್ದವನಿಗೆ ಮಿಕ್ಕ ಮತ ಹಾಳಾಗದೆ ಮುಂದಿನವನಿಗೆ ಹೋಗುತ್ತದೆ. ನಾಲ್ಕು ಸ್ಥಾನಕ್ಕೆ 224 ಮತದಾರರಿದ್ದರೆ ಒಬ್ಬರಿಗೆ 45 ಮತ ಸಾಕು. 2024ರಲ್ಲಿ ಕಾಂಗ್ರೆಸ್ ತನ್ನ 135ರ ಸುತ್ತಲಿನ ಬಲವನ್ನು ಮೂರು ಪಾಲು ಮಾಡಿ ಮೂವರನ್ನು ಗೆಲ್ಲಿಸಿಕೊಂಡಿತು, ಬಿಜೆಪಿಗೆ ಒಂದು ಸಿಕ್ಕಿತು. ಇದೇ ಚುನಾವಣೆ ನಮ್ಮ ನಿಯಮದಂತೆ ಒಂದೊಂದು ಸ್ಥಾನಕ್ಕೆ ಬೇರೆಬೇರೆ ಮತದಾನವಾಗಿ ನಡೆದಿದ್ದರೆ ನಾಲ್ಕೂ ಕಾಂಗ್ರೆಸ್ಸಿಗೇ ಹೋಗುತ್ತಿದ್ದವು. ಅಲ್ಪಸಂಖ್ಯೆಯಲ್ಲಿರುವ ಶಾಸಕರ ಮತ ವ್ಯರ್ಥವಾಗಬಾರದು ಎಂಬ ಎಚ್ಚರ ಅಷ್ಟು ಸೂಕ್ಷ್ಮವಾಗಿದೆ.

ಆದ್ದರಿಂದ ಮುಂದಿನ ಸಲ ನಿಮ್ಮ ಶಾಸಕರು ಕೈಮುಗಿದು ಮನೆ ಬಾಗಿಲಿಗೆ ಬಂದಾಗ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ: ‘ಸಾರ್, ರಾಜ್ಯಸಭೆಗೆ ಮತ ಹಾಕುವಾಗ ನಿಮಗೆ ಒಂದು, ಎರಡು, ಮೂರು ಎಂದು ಬರೆಯುವ ಹಕ್ಕಿದೆ. ನಮಗೇಕೆ ಒಂದೇ ಗುಂಡಿ?’